ಶುಕ್ರವಾರದ ಸಂಜೆಯಿಂದ ಭಾನುವಾರದ ಬೆಳಗಿನವರೆಗೆ: ವಾರದ ವಿಶ್ರಾಂತಿ ದಿನವನ್ನು ಮಕ್ಕಳಿಗೆ ಕಲಿಸುವ ಬಗೆ

ನಾಲ್ಕನೇ ಅಥವಾ ಐದನೇ ತರಗತಿಯ ಮಕ್ಕಳಿಗೆ ಯೆಹೂದ್ಯರ ಸಬ್ಬತ್ ದಿನವನ್ನು ಪರಿಚಯಿಸಲು ಹೊರಟವರು ಹೆಚ್ಚಾಗಿ ಒಂದು ಪಟ್ಟಿಯಿಂದ ಶುರು ಮಾಡುತ್ತಾರೆ. ಬೆಂಕಿ ಹಚ್ಚಬಾರದು, ಅಡುಗೆ ಮಾಡಬಾರದು, ಬರೆಯಬಾರದು, ಗಾಡಿ ಓಡಿಸಬಾರದು. ಪಟ್ಟಿ ಮುಗಿಯುವಷ್ಟರಲ್ಲಿ ಮಕ್ಕಳ ಮುಖದಲ್ಲಿ 'ಅಯ್ಯೋ ಪಾಪ' ಎಂಬ ಭಾವ ಬಂದಿರುತ್ತದೆ. ವಾರವಿಡೀ ದುಡಿದವರಿಗೆ ಸಿಗುವ ಹಬ್ಬವೊಂದು ಅವರ ಕಣ್ಣಿಗೆ ಶಿಕ್ಷೆಯಂತೆ ಕಾಣುತ್ತದೆ. ಇದರ ಬೆನ್ನಿಗೇ 'ಕ್ರೈಸ್ತರ ಸಬ್ಬತ್ ಭಾನುವಾರ' ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟರೆ ಎರಡೂ ಧರ್ಮಗಳ ಬಗ್ಗೆ ತಪ್ಪು ಹೇಳಿದಂತಾಗುತ್ತದೆ.

ನಾನು ಪಾಠವನ್ನು ಶುಕ್ರವಾರ ಮಧ್ಯಾಹ್ನದ ಅಡುಗೆಮನೆಯಿಂದ ಆರಂಭಿಸುತ್ತೇನೆ. ಸೂರ್ಯ ಮುಳುಗುವುದರೊಳಗೆ ಏನೇನು ಮುಗಿದಿರಬೇಕು ಎಂಬ ಒಂದೇ ಪ್ರಶ್ನೆ ಸಾಕು, ಉಳಿದದ್ದೆಲ್ಲ ಅದರ ಹಿಂದೆ ತಾನಾಗಿ ಬರುತ್ತದೆ. ನಲವತ್ತು ನಿಮಿಷದ ನಾಲ್ಕು ಅವಧಿಗಳಲ್ಲಿ ಈ ಪಾಠವನ್ನು ನಿಧಾನವಾಗಿ ಮುಗಿಸಬಹುದು. ಮೊದಲ ಮೂರು ಅವಧಿ ಸಬ್ಬತ್ತಿಗೆ, ಕೊನೆಯದು ಭಾನುವಾರಕ್ಕೆ. ಈ ಹಂಚಿಕೆ ಸಮನಾಗಿಲ್ಲ ಎನಿಸಬಹುದು. ಆದರೆ ನಮ್ಮ ಮಕ್ಕಳು ಚರ್ಚನ್ನು ನೋಡಿರುತ್ತಾರೆ, ಯೆಹೂದ್ಯರ ಮನೆಯನ್ನು ನೋಡಿರುವುದಿಲ್ಲ. ಸಬ್ಬತ್ ಅರ್ಥವಾಗದೆ ಭಾನುವಾರದ ಮೂಲ ಅರ್ಥವಾಗುವುದೂ ಇಲ್ಲ.

ಆರಂಭಿಸುವ ಮೊದಲು ಭಾಷೆಯ ವಿಷಯದಲ್ಲಿ ಒಂದು ಎಚ್ಚರ. ಸರ್ಕಾರದ ಹಣದಿಂದಲೇ ನಡೆಯುವ ಶಾಲೆಗಳಲ್ಲಿ ಧರ್ಮಬೋಧನೆಗೆ ಸಂವಿಧಾನದ 28ನೇ ವಿಧಿ ಅವಕಾಶ ಕೊಡುವುದಿಲ್ಲ. ಒಂದು ಸಮುದಾಯ ಹೇಗೆ ಬದುಕುತ್ತದೆ ಎಂದು ತಿಳಿಸುವುದು ಬೇರೆ, ಅದನ್ನು ಆಚರಿಸಲು ಕಲಿಸುವುದು ಬೇರೆ. ಆದ್ದರಿಂದ 'ದೇವರು ಏಳನೇ ದಿನ ವಿಶ್ರಮಿಸಿದನು' ಎಂದು ಹೇಳುವ ಬದಲು 'ದೇವರು ಏಳನೇ ದಿನ ವಿಶ್ರಮಿಸಿದನೆಂದು ಯೆಹೂದ್ಯರೂ ಕ್ರೈಸ್ತರೂ ಓದುವ ಗ್ರಂಥ ಹೇಳುತ್ತದೆ' ಎನ್ನಬೇಕು. ವಾಕ್ಯ ತುಸು ಉದ್ದವಾದರೂ ತೊಂದರೆಯಿಲ್ಲ. ತರಗತಿಯಲ್ಲಿ ಪ್ರಾರ್ಥನೆಗಳನ್ನು ಹೇಳಿಸಬೇಡಿ, ಅವುಗಳ ತಾತ್ಪರ್ಯ ತಿಳಿಸಿ. ವಸ್ತುಗಳನ್ನು ತೋರಿಸಿ, ಪೂಜೆಯನ್ನು ನಟಿಸಬೇಡಿ. ಮಕ್ಕಳ ಗುಂಪಿನಲ್ಲಿ ಒಬ್ಬರು ಪುರೋಹಿತರ ವೇಷ ಹಾಕಿದರೆ ಉಳಿದವರು ನಗುವುದು ಖಚಿತ. ಆ ನಗುವಿನ ಜೊತೆಗೇ ಪಾಠ ಕೈತಪ್ಪುತ್ತದೆ.

ಮೊದಲ ಅವಧಿ: ದಿನ ಯಾವಾಗ ಶುರುವಾಗುತ್ತದೆ?

ಕಪ್ಪುಹಲಗೆಯ ಮೇಲೆ ಒಂದು ದೊಡ್ಡ ವೃತ್ತ ಬರೆದು ಏಳು ಭಾಗ ಮಾಡಿ. ಭಾನುವಾರದಿಂದ ಶನಿವಾರದವರೆಗೆ ಹೆಸರು ಬರೆಯಲು ಮಕ್ಕಳನ್ನೇ ಕರೆಯಿರಿ. ಆಮೇಲೆ ದಿನ ಯಾವಾಗ ಶುರುವಾಗುತ್ತದೆ ಎಂದು ಕೇಳಿ. ಗಡಿಯಾರ ನೋಡಿ ಕಲಿತವರು ರಾತ್ರಿ ಹನ್ನೆರಡಕ್ಕೆ ಎನ್ನುತ್ತಾರೆ. ಮನೆಯಲ್ಲಿ ಪಂಚಾಂಗ ನೋಡುವ ಅಜ್ಜ ಇದ್ದವರು ಸೂರ್ಯೋದಯಕ್ಕೆ ಎನ್ನುತ್ತಾರೆ. ಎರಡೂ ಸರಿ. ಯೆಹೂದ್ಯರ ಲೆಕ್ಕದಲ್ಲಿ ಮಾತ್ರ ದಿನ ಶುರುವಾಗುವುದು ಸೂರ್ಯಾಸ್ತಕ್ಕೆ. ಬೈಬಲಿನಲ್ಲಿ ಸೃಷ್ಟಿಯ ಕಥೆ ಹೇಳುವ ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಪ್ರತಿ ದಿನವನ್ನು ಎಣಿಸುವಾಗಲೂ ಸಾಯಂಕಾಲ ಮೊದಲು ಬರುತ್ತದೆ, ಬೆಳಗು ಆಮೇಲೆ. ಹೀಗಾಗಿ ಏಳನೇ ದಿನವಾದ ಸಬ್ಬತ್ ನಮ್ಮ ಕ್ಯಾಲೆಂಡರಿನ ಶುಕ್ರವಾರ ಸಂಜೆಯೇ ಬಂದುಬಿಡುತ್ತದೆ. ಬಣ್ಣದ ಸೀಮೆಸುಣ್ಣದಿಂದ ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರದ ರಾತ್ರಿಯವರೆಗೆ ತುಂಬಿ ತೋರಿಸಿ. ಈ ವೃತ್ತವನ್ನು ಅಳಿಸಬೇಡಿ, ನಾಲ್ಕನೇ ಅವಧಿಯಲ್ಲಿ ಮತ್ತೆ ಬೇಕಾಗುತ್ತದೆ. ಅಳಿಸದೆ ಉಳಿಸುವುದು ಸಾಧ್ಯವಿಲ್ಲದಿದ್ದರೆ ರಟ್ಟಿನ ಹಾಳೆಯ ಮೇಲೆ ಬರೆಯುವುದೇ ಮೇಲು.

ಈಗ ಒಂದು ಲೆಕ್ಕ. ಸಬ್ಬತ್ ಆರಂಭದ ದೀಪವನ್ನು ಸೂರ್ಯಾಸ್ತಕ್ಕೆ 18 ನಿಮಿಷ ಮೊದಲು ಹಚ್ಚುವುದು ಬಹಳ ಕಡೆಯ ರೂಢಿ. ಜೆರುಸಲೇಮಿನಲ್ಲಿ 40 ನಿಮಿಷ ಮೊದಲು ಹಚ್ಚುತ್ತಾರೆ. ನಮ್ಮೂರಿನಲ್ಲಿ ಈ ಶುಕ್ರವಾರ ಸೂರ್ಯ 6 ಗಂಟೆ 30 ನಿಮಿಷಕ್ಕೆ ಮುಳುಗುತ್ತಾನೆ ಎಂದುಕೊಳ್ಳೋಣ. ಹಾಗಾದರೆ ದೀಪ ಹಚ್ಚಬೇಕಾದದ್ದು 6 ಗಂಟೆ 12 ನಿಮಿಷಕ್ಕೆ. ಮುಗಿಯುವುದು ಮರುದಿನ ಕತ್ತಲಾಗಿ ಆಕಾಶದಲ್ಲಿ ಮೂರು ನಕ್ಷತ್ರ ಕಾಣಿಸಿದಾಗ, ಅಂದರೆ ಏಳು ಗಂಟೆ ದಾಟಿದ ಮೇಲೆ. ಒಟ್ಟು ಎಷ್ಟು ಹೊತ್ತಾಯಿತು ಎಂದು ಮಕ್ಕಳೇ ಕೂಡಿಸಲಿ. ಉತ್ತರ ಇಪ್ಪತ್ತನಾಲ್ಕು ಗಂಟೆ ಬರುವುದಿಲ್ಲ, ಸುಮಾರು ಇಪ್ಪತ್ತೈದು ಬರುತ್ತದೆ. ಯಾರಾದರೂ 'ಒಂದು ಗಂಟೆ ಹೆಚ್ಚಾಯಿತಲ್ಲ' ಎಂದು ಖಂಡಿತ ಕೇಳುತ್ತಾರೆ. ಬರುವಾಗ ಸ್ವಲ್ಪ ಬೇಗ ಬರಮಾಡಿಕೊಂಡು, ಹೋಗುವಾಗ ಸ್ವಲ್ಪ ತಡವಾಗಿ ಕಳುಹಿಸಿಕೊಡುತ್ತಾರೆ ಎಂದು ಹೇಳಿ. ಮನೆಗೆ ಬಂದ ನೆಂಟರನ್ನು ನಾವೂ ಹಾಗೆಯೇ ನೋಡಿಕೊಳ್ಳುತ್ತೇವೆ. ಸಬ್ಬತ್ತನ್ನು ರಾಣಿಯೆಂದೂ ವಧುವೆಂದೂ ಕರೆದು ಎದುರುಗೊಳ್ಳುವ ಪದ್ಧತಿ ಯೆಹೂದ್ಯರಲ್ಲೇ ಇರುವುದರಿಂದ ಈ ಹೋಲಿಕೆ ನಮ್ಮ ಕಡೆಯಿಂದ ಹೇರಿದ್ದಲ್ಲ.

ಸೂರ್ಯಾಸ್ತದ ಹೊತ್ತು ಊರೂರಿಗೆ ಬೇರೆ. ನಮ್ಮಲ್ಲಿ ಬೇಸಿಗೆಗೂ ಚಳಿಗಾಲಕ್ಕೂ ಸುಮಾರು ಒಂದು ಗಂಟೆಯ ವ್ಯತ್ಯಾಸ. ಲಂಡನ್ನಿನಲ್ಲಿ ಡಿಸೆಂಬರ್ ತಿಂಗಳಲ್ಲಿ ನಾಲ್ಕು ಗಂಟೆಗೂ ಮುಂಚೆಯೇ ಸೂರ್ಯ ಮುಳುಗಿದರೆ, ಜೂನ್ ತಿಂಗಳಲ್ಲಿ ರಾತ್ರಿ ಒಂಬತ್ತು ದಾಟುತ್ತದೆ. ಅಲ್ಲಿಯ ಯೆಹೂದಿ ಶಾಲೆಗಳು ಚಳಿಗಾಲದ ಶುಕ್ರವಾರಗಳಂದು ಬೇಗ ಬಿಡುವುದೇಕೆ ಎಂದು ಕೇಳಿದರೆ, ಲೆಕ್ಕ ಮಾಡಿದ ಮಕ್ಕಳು ಥಟ್ಟನೆ ಉತ್ತರಿಸುತ್ತಾರೆ.

ಎರಡನೇ ಅವಧಿ: ಶುಕ್ರವಾರ ಮಧ್ಯಾಹ್ನ

ಮೇಜಿನ ಮೇಲೆ ಇಷ್ಟು ಇಡಿ: ಎರಡು ಮೇಣದಬತ್ತಿ, ಎರಡು ಬನ್ನು, ಅವುಗಳನ್ನು ಮುಚ್ಚಲು ಒಂದು ಶುಭ್ರ ಬಟ್ಟೆ, ಒಂದು ಲೋಟ. ಬತ್ತಿಗಳನ್ನು ಹಚ್ಚುವ ಅಗತ್ಯವಿಲ್ಲ. ಸಬ್ಬತ್ತಿನ ರೊಟ್ಟಿಯ ಹೆಸರು ಹಲ್ಲಾ. ಸಾಮಾನ್ಯವಾಗಿ ಅದನ್ನು ಜಡೆಯಂತೆ ಹೆಣೆದು ಸುಟ್ಟಿರುತ್ತಾರೆ. ಮಕ್ಕಳಿಗೆ ಜೇಡಿಮಣ್ಣೋ ನಾದಿದ ಹಿಟ್ಟೋ ಕೊಟ್ಟರೆ ಮೂರು ಎಳೆಯ ಜಡೆಯನ್ನು ಐದೇ ನಿಮಿಷದಲ್ಲಿ ಹೆಣೆದು ತೋರಿಸುತ್ತಾರೆ. ಆ ಕೆಲಸದಲ್ಲಿ ಹುಡುಗಿಯರು ಹುಡುಗರಿಗೆ ಪಾಠ ಹೇಳುವುದನ್ನು ನೋಡುವುದೇ ಚೆಂದ.

ಮುಖ್ಯವಾದದ್ದು ಆ ಎರಡು ಎಂಬ ಸಂಖ್ಯೆ. ಬೈಬಲಿನ ವಿಮೋಚನಕಾಂಡದ 16ನೇ ಅಧ್ಯಾಯದಲ್ಲಿ ಒಂದು ಕಥೆ ಬರುತ್ತದೆ. ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾಗಿ ಮರುಭೂಮಿಯಲ್ಲಿ ಅಲೆಯುತ್ತಿದ್ದ ಜನರಿಗೆ ಪ್ರತಿದಿನ ಬೆಳಿಗ್ಗೆ ನೆಲದ ಮೇಲೆ 'ಮನ್ನ' ಎಂಬ ಆಹಾರ ಸಿಗುತ್ತಿತ್ತು. ಅಂದಂದಿನದನ್ನು ಅಂದಂದೇ ತಿನ್ನಬೇಕು, ನಾಳೆಗೆಂದು ಇಟ್ಟರೆ ಹುಳ ಬೀಳುತ್ತಿತ್ತು. ಆರನೇ ದಿನ ಮಾತ್ರ ಎರಡರಷ್ಟು ಸಿಗುತ್ತಿತ್ತು, ಇಟ್ಟರೂ ಕೆಡುತ್ತಿರಲಿಲ್ಲ. ಏಳನೇ ದಿನ ಹುಡುಕಿಕೊಂಡು ಹೋದವರಿಗೆ ಏನೂ ಸಿಗಲಿಲ್ಲ. ಮೇಜಿನ ಮೇಲಿನ ಎರಡು ರೊಟ್ಟಿ ಆ ಎರಡರಷ್ಟು ಪಾಲಿನ ನೆನಪು. ಈ ಕಥೆಗೆ ಚಿತ್ರ ಬೇಕಿಲ್ಲ. ನೀವು ನಿಧಾನವಾಗಿ ಹೇಳಿದರೆ ಸಾಕು.

ಎರಡು ದೀಪಗಳಿಗೂ ಒಂದು ಹಿನ್ನೆಲೆಯಿದೆ. ಸಬ್ಬತ್ತಿನ ಆಜ್ಞೆ ಎರಡು ಕಡೆ ಬರುತ್ತದೆ. ವಿಮೋಚನಕಾಂಡದಲ್ಲಿ 'ನೆನಪಿಡು' ಎಂದಿದೆ, ಕಾರಣ ಸೃಷ್ಟಿ. ಧರ್ಮೋಪದೇಶಕಾಂಡದಲ್ಲಿ 'ಆಚರಿಸು' ಎಂದಿದೆ, ಕಾರಣ ಈಜಿಪ್ಟಿನ ದಾಸ್ಯ. ನೀನೂ ಒಂದು ಕಾಲಕ್ಕೆ ದಾಸನಾಗಿದ್ದೆ, ಆದ್ದರಿಂದ ನಿನ್ನ ಆಳುಕಾಳುಗಳಿಗೂ ಮನೆಯಲ್ಲಿರುವ ಪರದೇಶಿಗೂ ನಿನ್ನ ಎತ್ತಿಗೂ ಕತ್ತೆಗೂ ಆ ದಿನ ಬಿಡುವು ಕೊಡು ಎಂಬುದು ಅದರ ಸಾರ. ಎರಡನೆಯ ಕಾರಣವನ್ನು ಬಿಟ್ಟುಬಿಡುವುದು ಈ ಪಾಠದಲ್ಲಿ ತೀರಾ ಸಾಮಾನ್ಯವಾಗಿ ಕಾಣುವ ಕೊರತೆ. ಪಠ್ಯಗಳಲ್ಲಿ ಸೃಷ್ಟಿಯ ಕಾರಣ ಮಾತ್ರ ಇರುತ್ತದೆ. ಮಕ್ಕಳ ಮನಸ್ಸಿಗೆ ಹತ್ತಿರವಾಗುವುದು ಮಾತ್ರ ಎತ್ತಿನ ಮಾತು.

ಇಲ್ಲಿ ಕೊಂಕಣ ಕರಾವಳಿಯ ಉದಾಹರಣೆ ತರುವುದಕ್ಕೆ ಸರಿಯಾದ ಜಾಗವಿದೆ. ಮುಂಬಯಿಯ ದಕ್ಷಿಣಕ್ಕೆ ಅಲಿಬಾಗ್, ಪೇಣ್, ರೇವದಂಡಾ ಸುತ್ತಿನ ಹಳ್ಳಿಗಳಲ್ಲಿ ಬೆನೆ ಇಸ್ರಾಯೇಲ್ ಎಂಬ ಯೆಹೂದಿ ಸಮುದಾಯ ಶತಮಾನಗಳ ಕಾಲ ಬಾಳಿತು. ಮರಾಠಿ ಮಾತನಾಡುವ ಜನ, ಹಲವರ ಕಸುಬು ಗಾಣದಲ್ಲಿ ಎಣ್ಣೆ ತೆಗೆಯುವುದು. ಶನಿವಾರ ಇವರ ಗಾಣ ತಿರುಗುತ್ತಿರಲಿಲ್ಲ. ಅಕ್ಕಪಕ್ಕದವರು ಇವರನ್ನು 'ಶನಿವಾರ ತೇಲಿ' ಎಂದು, ಅಂದರೆ ಶನಿವಾರದ ಗಾಣಿಗರೆಂದು ಗುರುತಿಸುತ್ತಿದ್ದರು. ಅದೇ ಸೀಮೆಯಲ್ಲಿ ಶಿವನ ವಾರವೆಂದು ಸೋಮವಾರ ಗಾಣ ನಿಲ್ಲಿಸುವ ಹಿಂದೂ ಗಾಣಿಗರಿದ್ದರು, ಅವರು ಸೋಮವಾರದ ತೇಲಿಗಳು. ಉತ್ತರ ಕರ್ನಾಟಕದ ಮಕ್ಕಳಿಗೆ ಇದು ಬಿಡಿಸಿ ಹೇಳಬೇಕಾದ ಮಾತೇ ಅಲ್ಲ. ಸೋಮವಾರ ಬಸವಣ್ಣನ ವಾರ, ಎತ್ತಿನ ಹೆಗಲ ಮೇಲೆ ನೊಗ ಇಡಬಾರದು ಎಂಬ ನೇಮವನ್ನು ಅವರ ಮನೆಯಲ್ಲೇ ಕೇಳಿರುತ್ತಾರೆ. ಅಂಥ ಮನೆಯ ಮಗು ತರಗತಿಯಲ್ಲಿದ್ದರೆ ಅದಕ್ಕೇ ಮಾತನಾಡಲು ಬಿಡಿ. ಸಾಮ್ಯವನ್ನು ಅಲ್ಲಿಗೇ ನಿಲ್ಲಿಸಿ. ನಮ್ಮ ಸೋಮವಾರವೂ ಸಬ್ಬತ್ತೂ ಒಂದೇ ಎಂದು ಎಳೆಯಲು ಹೋಗಬೇಡಿ. ಅಲ್ಲಿ ಎತ್ತಿನ ಜೊತೆ ಒಡೆಯನೂ ಕೈಕಟ್ಟಿ ಕೂರಬೇಕು.

ಲೋಟದ ವಿಷಯ. ಊಟಕ್ಕೆ ಮೊದಲು ದ್ರಾಕ್ಷಾರಸದ ಲೋಟ ಹಿಡಿದು ಮನೆಯ ಹಿರಿಯರು ಆ ದಿನವನ್ನು ಪವಿತ್ರವೆಂದು ಸಾರುವ ಪ್ರಾರ್ಥನೆ ಹೇಳುತ್ತಾರೆ. ಅದಕ್ಕೆ ಕಿದ್ದುಶ್ ಎಂದು ಹೆಸರು. ದ್ರಾಕ್ಷಾರಸ ಎಂದೊಡನೆ ಮಕ್ಕಳು ಮದ್ಯವೇ ಎಂದು ಕೇಳುತ್ತಾರೆ, ಕೆಲವು ಪೋಷಕರೂ ಕೇಳುತ್ತಾರೆ. ವೈನ್ ಬಳಸುವವರಿದ್ದಾರೆ, ಹುಳಿಸದ ದ್ರಾಕ್ಷಿರಸ ಬಳಸುವವರೂ ಇದ್ದಾರೆ ಎಂದು ಇದ್ದದ್ದನ್ನು ಇದ್ದಂತೆ ಹೇಳಿ. ಬೆನೆ ಇಸ್ರಾಯೇಲ್ ಮನೆಗಳಲ್ಲಿ ಒಣದ್ರಾಕ್ಷಿಯ ಶರಬತ್ತು ಮಾಡುವ ರೂಢಿಯಿದೆ. ಕಪ್ಪು ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಹಾಕಿ, ಚೆನ್ನಾಗಿ ಉಬ್ಬಿದ ಮೇಲೆ ಹಿಸುಕಿ ಅಥವಾ ಅರೆದು, ಬಟ್ಟೆಯಲ್ಲಿ ಸೋಸಿದರೆ ಆಯಿತು. ಹಿಂದಿನ ದಿನ ನೀವೇ ನೆನೆಹಾಕಿ ತಂದು ತರಗತಿಯಲ್ಲಿ ಸೋಸಿ ತೋರಿಸಬಹುದು.

ಈಗ ಮಕ್ಕಳನ್ನು ಗುಂಪು ಮಾಡಿ, ಪ್ರತಿ ಗುಂಪಿಗೂ ಒಂದು ಮನೆ ಕೊಡಿ. ಗಡಿಯಾರದಲ್ಲಿ ಮಧ್ಯಾಹ್ನ ಎರಡು ಗಂಟೆ, ದೀಪ ಹಚ್ಚಬೇಕಾದದ್ದು 6 ಗಂಟೆ 12 ನಿಮಿಷಕ್ಕೆ. ಅಷ್ಟರೊಳಗೆ ಏನೇನು ಆಗಬೇಕು, ಯಾವುದರ ಹಿಂದೆ ಯಾವುದು? ಮನೆ ಗುಡಿಸಬೇಕು, ಸಂತೆಯಿಂದ ಸಾಮಾನು ತರಬೇಕು, ಸ್ನಾನ ಮಾಡಿ ಒಳ್ಳೆಯ ಬಟ್ಟೆ ಹಾಕಿಕೊಳ್ಳಬೇಕು, ಶುಕ್ರವಾರ ರಾತ್ರಿಯ ಊಟವಷ್ಟೇ ಅಲ್ಲ, ಶನಿವಾರ ಮಧ್ಯಾಹ್ನದ ಊಟವೂ ಬೆಂದಿರಬೇಕು. ನಾಳೆಯ ಊಟ ಬಿಸಿಯಾಗಿ ಉಳಿಯುವುದು ಹೇಗೆ ಎಂಬಲ್ಲಿ ಗುಂಪುಗಳು ಸಿಕ್ಕಿಹಾಕಿಕೊಳ್ಳುತ್ತವೆ. ಸ್ವಲ್ಪ ತಿಣುಕಾಡಲಿ. ಆಮೇಲೆ ಹೇಳಿ: ಕಾಳು, ಆಲೂಗಡ್ಡೆ, ಮಾಂಸ ಹಾಕಿದ ಪಾತ್ರೆಯನ್ನು ಶುಕ್ರವಾರವೇ ಸಣ್ಣ ಉರಿಯ ಮೇಲಿಟ್ಟು ರಾತ್ರಿಯಿಡೀ ಹಾಗೆಯೇ ಬಿಡುತ್ತಾರೆ. ಯುರೋಪಿನ ಯೆಹೂದ್ಯರು ಇದನ್ನು ಚೋಲೆಂಟ್ ಎನ್ನುತ್ತಾರೆ. ಉರಿ ಮೊದಲೇ ಹಚ್ಚಿದ್ದು, ಆ ದಿನ ಹಚ್ಚಿದ್ದಲ್ಲ. ದೀಪವೂ ಅಷ್ಟೇ, ತಾನಾಗಿ ಉರಿದು ಆರುತ್ತದೆ. 'ಗಾಳಿಗೆ ಆರಿಹೋದರೆ?' ಎಂದು ಕೇಳುವ ಮಗು ಎಲ್ಲ ತರಗತಿಯಲ್ಲೂ ಇರುತ್ತದೆ. ಆರಿದರೆ ಮತ್ತೆ ಹಚ್ಚುವುದಿಲ್ಲ, ಅಷ್ಟೇ. ಇಂದಿನ ಮನೆಗಳಲ್ಲಿ ವಿದ್ಯುದ್ದೀಪವನ್ನು ಮೊದಲೇ ಹಾಕಿಟ್ಟಿರುತ್ತಾರೆ ಅಥವಾ ಹೊತ್ತಿಗೆ ಸರಿಯಾಗಿ ತಾನೇ ಆರುವ ಟೈಮರ್ ಇಟ್ಟಿರುತ್ತಾರೆ.

ಅವಧಿಯ ಕೊನೆಗೆ, ತಂದೆತಾಯಿ ಮಕ್ಕಳ ತಲೆಯ ಮೇಲೆ ಕೈಯಿಟ್ಟು ಹರಸುವುದನ್ನು ಹೇಳಿ. ಗಂಡುಮಕ್ಕಳಿಗೆ ಮೂಲಪುರುಷ ಯಾಕೋಬನ ಮೊಮ್ಮಕ್ಕಳಾದ ಎಫ್ರಾಯೀಮ್ ಮತ್ತು ಮನಸ್ಸೆಯಂತಾಗು ಎಂದೂ, ಹೆಣ್ಣುಮಕ್ಕಳಿಗೆ ಕುಲದ ಮೂಲಮಾತೆಯರಾದ ಸಾರಾ, ರೆಬೆಕ್ಕ, ರಾಹೇಲ, ಲೇಯಾರಂತಾಗು ಎಂದೂ ಹರಸುತ್ತಾರೆ. ವಾರದಲ್ಲಿ ಎಷ್ಟೇ ಬೈಸಿಕೊಂಡಿದ್ದರೂ ಶುಕ್ರವಾರ ಸಂಜೆ ಹರಕೆ ತಪ್ಪುವುದಿಲ್ಲ ಎಂದರೆ ಹಿಂದಿನ ಬೆಂಚಿನವರೂ ತಲೆಯೆತ್ತಿ ಕೇಳುತ್ತಾರೆ.

ಮೂರನೇ ಅವಧಿ: ಯಾವುದು ಕೆಲಸ?

ಮೊದಲ ದಿನವೇ ಕೊಡಬಹುದಾಗಿದ್ದ ಪಟ್ಟಿಯನ್ನು ಈಗ ಕೊಡಿ. ಯೆಹೂದ್ಯರ ಮಿಶ್ನಾ ಗ್ರಂಥ ಸಬ್ಬತ್ತಿನಂದು ಬಿಡಬೇಕಾದ ಮೂವತ್ತೊಂಬತ್ತು ಬಗೆಯ ಕೆಲಸಗಳನ್ನು ಹೆಸರಿಸುತ್ತದೆ. ಎಲ್ಲವನ್ನೂ ಹೇಳಬೇಡಿ. ಮೊದಲ ಹನ್ನೊಂದು ಸಾಕು, ಏಕೆಂದರೆ ಅವು ಒಂದೇ ಕಥೆ: ಬಿತ್ತುವುದು, ಉಳುವುದು, ಕೊಯ್ಯುವುದು, ಸಿವುಡು ಕಟ್ಟುವುದು, ಒಕ್ಕುವುದು, ತೂರುವುದು, ಆರಿಸುವುದು, ಬೀಸುವುದು, ಜರಡಿ ಹಿಡಿಯುವುದು, ನಾದುವುದು, ಸುಡುವುದು. ಕೊನೆಗೆ ಕೈಗೆ ಬರುವುದು ಒಂದು ರೊಟ್ಟಿ. ಹನ್ನೊಂದು ಚೀಟಿಗಳಲ್ಲಿ ಬರೆದು ಕಲೆಸಿ ಕೊಟ್ಟರೆ ಹಳ್ಳಿಯ ಮಕ್ಕಳು ಕ್ಷಣಾರ್ಧದಲ್ಲಿ ಜೋಡಿಸುತ್ತಾರೆ. ಪೇಟೆಯ ಮಕ್ಕಳಿಗೆ ಒಕ್ಕುವುದಕ್ಕೂ ತೂರುವುದಕ್ಕೂ ಇರುವ ವ್ಯತ್ಯಾಸ ಹೇಳಬೇಕಾಗುತ್ತದೆ. 'ಉಳುವುದು ಮೊದಲಲ್ಲವೇ, ಬಿತ್ತುವುದು ಹೇಗೆ ಮೊದಲು ಬಂತು?' ಎಂದು ರೈತರ ಮಗು ಕೇಳಿದರೆ ಭೇಷ್ ಎನ್ನಿ. ತಾಲ್ಮುದ್ ಗ್ರಂಥದ ಪಂಡಿತರೂ ಅದನ್ನೇ ಕೇಳಿದ್ದರು. ಇಸ್ರಾಯೇಲ್ ನಾಡಿನಲ್ಲಿ ಬಿತ್ತಿದ ಮೇಲೆ ಇನ್ನೊಮ್ಮೆ ಉಳುತ್ತಾರೆ ಎಂಬುದು ಅವರು ಕೊಟ್ಟ ಉತ್ತರ.

ಇದರಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಇಲ್ಲಿ ಕೆಲಸವೆಂದರೆ ಬೆವರು ಸುರಿಸುವುದಲ್ಲ. ಏನನ್ನಾದರೂ ಹೊಸದಾಗಿ ಮಾಡುವುದು, ಇರುವುದನ್ನು ಬದಲಿಸುವುದು ಕೆಲಸ. ಮನೆಯೊಳಗೆ ಭಾರದ ಕುರ್ಚಿಯನ್ನು ಸರಿಸಬಹುದು. ಎರಡು ಅಕ್ಷರ ಬರೆಯುವಂತಿಲ್ಲ. ಇದು ಮಕ್ಕಳಿಗೆ ವಿಚಿತ್ರವೆನಿಸುತ್ತದೆ, ಅನಿಸಲಿ. ಕೆಲವು ಸನ್ನಿವೇಶಗಳನ್ನು ಕೊಟ್ಟು ಅವರೇ ತೀರ್ಮಾನಿಸುವಂತೆ ಮಾಡಿ. ಕಥೆ ಪುಸ್ತಕ ಓದುವುದು? ಆಗಬಹುದು. ಅದರ ಚಿತ್ರಕ್ಕೆ ಬಣ್ಣ ತುಂಬುವುದು? ಆಗದು. ಗೆಳೆಯನ ಜೊತೆ ಚದುರಂಗ? ಆಗಬಹುದು, ಆದರೆ ಅಂಕಗಳನ್ನು ಬರೆದಿಡುವಂತಿಲ್ಲ. ಪ್ರಾರ್ಥನಾ ಮಂದಿರವಾದ ಸಿನಗಾಗಿಗೆ ನಡೆದು ಹೋಗುವುದು? ಹೋಗಲೇಬೇಕು, ಬಸ್ಸಿನಲ್ಲಿ ಮಾತ್ರ ಅಲ್ಲ.

ಕೊನೆಯ ಸನ್ನಿವೇಶವನ್ನು ಬೇಕೆಂದೇ ಹೀಗೆ ಇಡಿ: ನಡುರಾತ್ರಿ ಅಜ್ಜಿಗೆ ಎದೆನೋವು ಬಂದಿದೆ, ಕಾರು ಓಡಿಸಬಹುದೇ? ಈವರೆಗಿನ ನಿಯಮ ಹಿಡಿದು ಅರ್ಧ ತರಗತಿ 'ಇಲ್ಲ' ಎನ್ನುತ್ತದೆ. ಸರಿಯಾದ ಉತ್ತರ, ಓಡಿಸಲೇಬೇಕು. ಜೀವ ಉಳಿಸುವ ಕೆಲಸ ಬಂದಾಗ ಸಬ್ಬತ್ತಿನ ನಿಯಮ ಹಿಂದೆ ಸರಿಯುತ್ತದೆ, ತಡ ಮಾಡುವುದೇ ತಪ್ಪು. ಇದು ಯಾರೋ ಉದಾರಿಗಳು ಇತ್ತೀಚೆಗೆ ಕೊಟ್ಟ ವಿನಾಯಿತಿಯಲ್ಲ, ಯೆಹೂದ್ಯರ ಧರ್ಮಶಾಸ್ತ್ರದಲ್ಲಿ ಹಿಂದಿನಿಂದಲೂ ಇರುವ ವಿಧಿ. ಇದನ್ನು ಹೇಳದೆ ಪಾಠ ಮುಗಿಸಿದರೆ ಯೆಹೂದ್ಯರು ಕಲ್ಲೆದೆಯವರು ಎಂಬ ಭಾವನೆ ಮಕ್ಕಳಲ್ಲಿ ಉಳಿಯುತ್ತದೆ. ಯುರೋಪಿನಲ್ಲಿ ಅಂಥ ಭಾವನೆಗಳು ಎಲ್ಲಿಗೆ ಮುಟ್ಟಿದವು ಎಂಬುದು ಶಿಕ್ಷಕರಿಗಾದರೂ ನೆನಪಿರಬೇಕು.

ಎಲ್ಲ ಯೆಹೂದ್ಯರೂ ಹೀಗೆಯೇ ಮಾಡುತ್ತಾರೆಯೇ? ಇಲ್ಲ. ಸಂಪ್ರದಾಯಸ್ಥರು ವಿದ್ಯುತ್ ಸ್ವಿಚ್ ಮುಟ್ಟುವುದಿಲ್ಲ. ಸುಧಾರಣಾವಾದಿ ಪಂಥದ ಹಲವರು ದೀಪ ಹಚ್ಚಿ ಕುಟುಂಬದೊಂದಿಗೆ ಊಟ ಮಾಡುತ್ತಾರೆ, ಮರುದಿನ ಕಾರಿನಲ್ಲೂ ಹೋಗುತ್ತಾರೆ. ಏನನ್ನೂ ಆಚರಿಸದವರೂ ಇದ್ದಾರೆ. 'ಯೆಹೂದ್ಯರು' ಎನ್ನುವ ಬದಲು 'ಈ ಮನೆಯವರು' ಎಂದು ಮಾತನಾಡುವುದನ್ನು ರೂಢಿಸಿಕೊಂಡರೆ ಈ ತೊಡಕು ಅರ್ಧ ಕಡಿಮೆಯಾಗುತ್ತದೆ.

ಶನಿವಾರ ರಾತ್ರಿಯ ಬೀಳ್ಕೊಡುಗೆಗೆ ಹತ್ತು ನಿಮಿಷ ಉಳಿಸಿಕೊಳ್ಳಿ. ಅದರ ಹೆಸರು ಹವ್ದಾಲಾ. ಹಲವು ಬತ್ತಿಗಳನ್ನು ಹೆಣೆದ ಮೇಣದಬತ್ತಿಯನ್ನು ಹಚ್ಚುತ್ತಾರೆ. ವಾರದ ಮೊದಲ ಬೆಂಕಿ ಅದು. ಅದರ ಬೆಳಕಿನಲ್ಲಿ ತಮ್ಮ ಉಗುರುಗಳನ್ನು ನೋಡಿಕೊಳ್ಳುತ್ತಾರೆ. ಸುವಾಸನೆಯ ಸಂಬಾರ ಪದಾರ್ಥವಿರುವ ಒಂದು ಡಬ್ಬಿ ಕೈಯಿಂದ ಕೈಗೆ ಹೋಗುತ್ತದೆ, ಎಲ್ಲರೂ ಮೂಸುತ್ತಾರೆ. ಸಬ್ಬತ್ ಹೊರಟುಹೋದ ಬೇಸರಕ್ಕೆ ಅದು ಸಮಾಧಾನ. ತರಗತಿಯಲ್ಲಿ ಒಂದು ಡಬ್ಬಿಗೆ ಲವಂಗ, ದಾಲ್ಚಿನ್ನಿ ಹಾಕಿ ಸಾಲಾಗಿ ದಾಟಿಸಿ. ನೆಗಡಿಯಾದವರನ್ನು ಕೊನೆಗೆ ಇಡುವುದು ಕ್ಷೇಮ.

ನಾಲ್ಕನೇ ಅವಧಿ: ಭಾನುವಾರ ಬೆಳಿಗ್ಗೆ

ವೃತ್ತದ ಚಿತ್ರಕ್ಕೆ ಮರಳಿ ಬನ್ನಿ. ಲೂಕನ ಸುವಾರ್ತೆಯ ಕೊನೆಯ ಭಾಗದಲ್ಲಿರುವ ಒಂದು ಪ್ರಸಂಗ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಯೇಸುವನ್ನು ಶಿಲುಬೆಗೇರಿಸಿದ್ದು ಶುಕ್ರವಾರ. ದೇಹವನ್ನು ಸಮಾಧಿಯಲ್ಲಿ ಇಡುವಷ್ಟರಲ್ಲಿ ಸಬ್ಬತ್ ಹತ್ತಿರವಾಗಿತ್ತು. ಜೊತೆಗಿದ್ದ ಸ್ತ್ರೀಯರು ಸುಗಂಧದ್ರವ್ಯಗಳನ್ನು ಸಿದ್ಧಮಾಡಿಕೊಂಡರು, ಆದರೆ ಸಮಾಧಿಗೆ ಹೋಗಲಿಲ್ಲ. ಆಜ್ಞೆಯ ಪ್ರಕಾರ ಸಬ್ಬತ್ತಿನಂದು ಸುಮ್ಮನಿದ್ದರು. ವಾರದ ಮೊದಲ ದಿನ ನಸುಕಿನಲ್ಲೇ ಎದ್ದು ಹೋದಾಗ ಸಮಾಧಿ ಬರಿದಾಗಿತ್ತು. ಯೇಸು ಆ ದಿನ ಸಾವಿನಿಂದ ಎದ್ದುಬಂದರೆಂದು ಕ್ರೈಸ್ತರು ನಂಬುತ್ತಾರೆ.

ಚಿತ್ರದ ಮೇಲೆ ಬೆರಳಿಟ್ಟು ಆ ಸ್ತ್ರೀಯರು ಒಂದು ದಿನ ಏಕೆ ಕಾದರು ಎಂದು ಕೇಳಿ. ಮೂರು ಅವಧಿ ಕಳೆದ ಮಕ್ಕಳು ನೀವು ಹೇಳುವ ಮೊದಲೇ ಹೇಳುತ್ತಾರೆ. ಯೇಸುವೂ ಅವರ ಶಿಷ್ಯರೂ ಸಬ್ಬತ್ ಆಚರಿಸುತ್ತಿದ್ದ ಯೆಹೂದ್ಯರು ಎಂಬುದು ಅದರ ಜೊತೆಗೇ ಅರ್ಥವಾಗುತ್ತದೆ. ಭಾನುವಾರ ಸಬ್ಬತ್ತಿನ ಜಾಗಕ್ಕೆ ತಳ್ಳಿ ಬಂದ ದಿನವಲ್ಲ, ಅದರ ಮರುದಿನ. ಕಾರಣವೂ ಬೇರೆ. ಸಬ್ಬತ್ತಿನ ಕಾರಣ ವಿಶ್ರಾಂತಿ ಮತ್ತು ಬಿಡುಗಡೆ, ಭಾನುವಾರದ ಕಾರಣ ಪುನರುತ್ಥಾನ. ಮೊದಲ ಕ್ರೈಸ್ತರು ವಾರದ ಮೊದಲ ದಿನ ಸೇರಿ ರೊಟ್ಟಿ ಮುರಿದು ಹಂಚಿಕೊಳ್ಳುತ್ತಿದ್ದರು. ಆಗ ಅದು ರಜೆಯ ದಿನವಾಗಿರಲಿಲ್ಲ.

ರಜೆಯಾದದ್ದು ಮುಂದೆ. ಕ್ರಿ.ಶ. 321ರಲ್ಲಿ ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್ ಆ ದಿನ ನ್ಯಾಯಾಲಯಗಳೂ ಪಟ್ಟಣದ ಕೆಲಸಗಳೂ ನಿಲ್ಲಬೇಕೆಂದು ಆಜ್ಞೆ ಹೊರಡಿಸಿದ. ರೈತರಿಗೆ ಮಾತ್ರ ಬಿಟ್ಟುಕೊಟ್ಟ. ಬಿತ್ತನೆಗೆ ಹದ ಬಂದ ದಿನ ಕೈತಪ್ಪಿದರೆ ಬೆಳೆಯೇ ಹೋದೀತು ಎಂಬುದು ಆಜ್ಞೆಯಲ್ಲೇ ಇದ್ದ ಕಾರಣ. ಎತ್ತಿಗೂ ಬಿಡುವು ಕೊಡು ಎಂದ ಧರ್ಮೋಪದೇಶಕಾಂಡವನ್ನೂ ಈ ಆಜ್ಞೆಯನ್ನೂ ಅಕ್ಕಪಕ್ಕ ಇಟ್ಟು, ರೈತನ ವಿಷಯದಲ್ಲಿ ಯಾವುದು ಸರಿ ಎಂದು ಮಕ್ಕಳನ್ನು ಕೇಳಿನೋಡಿ. ಐದನೇ ತರಗತಿಯಲ್ಲಿ ಇದು ಒಳ್ಳೆಯ ವಾದಕ್ಕೆ ದಾರಿ ಮಾಡುತ್ತದೆ. ನಾಲ್ಕನೇ ತರಗತಿಗೆ ಇಸವಿ, ಚಕ್ರವರ್ತಿ ಬೇಡ.

ಇಂದಿನ ಭಾನುವಾರಕ್ಕೆ ನಿಮ್ಮೂರಿನ ಚರ್ಚೇ ಪಾಠ. ಕ್ಯಾಥೋಲಿಕರು ಬಲಿಪೂಜೆಗೆ ಹೋಗುತ್ತಾರೆ. ಶನಿವಾರ ಸಂಜೆಯ ಬಲಿಪೂಜೆಯೂ ಭಾನುವಾರದ್ದೇ ಎಂದು ಲೆಕ್ಕಕ್ಕೆ ಬರುತ್ತದೆ. ದಿನವನ್ನು ಸಂಜೆಯಿಂದ ಎಣಿಸುವ ಹಳೆಯ ಕ್ರಮ ಅಲ್ಲಿ ಇನ್ನೂ ಉಳಿದಿದೆ. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಆರಾಧನೆ, ಪ್ರಸಂಗ, ಹಾಡು, ಮಕ್ಕಳಿಗೆ ಸಂಡೇ ಸ್ಕೂಲ್ ಇರುತ್ತವೆ. ತರಗತಿಯಲ್ಲಿ ಕ್ರೈಸ್ತ ಮಗುವಿದ್ದರೆ, ಆ ಮಗುವಿಗೆ ಇಷ್ಟವಿದ್ದರೆ ಮಾತ್ರ, ತನ್ನ ಮನೆಯ ಭಾನುವಾರವನ್ನು ಹೇಳಲಿ. ಇಡೀ ಧರ್ಮದ ಪರವಾಗಿ ಉತ್ತರಿಸುವ ಹೊರೆಯನ್ನು ಮಗುವಿನ ಮೇಲೆ ಹಾಕಬೇಡಿ. ಶನಿವಾರವನ್ನೇ ಸಬ್ಬತ್ತಾಗಿ ಪಾಲಿಸುವ ಸೆವೆಂತ್ ಡೇ ಅಡ್ವೆಂಟಿಸ್ಟ್ ಎಂಬ ಕ್ರೈಸ್ತರೂ ಕರ್ನಾಟಕದಲ್ಲಿದ್ದಾರೆ. ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ಸೂರ್ಯಾಸ್ತದವರೆಗೆ ಅವರ ಎಣಿಕೆ.

ಸಬ್ಬತ್ತಿನ ವಿಷಯದಲ್ಲಿ ಯೇಸುವಿಗೂ ಫರಿಸಾಯರೆಂಬ ಯೆಹೂದಿ ಪಂಥದವರಿಗೂ ನಡೆದ ವಾದವನ್ನು ಹೇಳುವುದಾದರೆ ಹುಷಾರಾಗಿ ಹೇಳಿ. ಶಿಷ್ಯರು ಹೊಲದಲ್ಲಿ ತೆನೆ ಕಿತ್ತಾಗ ಆಕ್ಷೇಪ ಬಂತು, ಸಬ್ಬತ್ ಇರುವುದು ಮನುಷ್ಯನಿಗಾಗಿ ಎಂದು ಯೇಸು ಉತ್ತರಿಸಿದರು ಎಂದು ಮಾರ್ಕನ ಸುವಾರ್ತೆ ಹೇಳುತ್ತದೆ. ತೆನೆ ಕೀಳುವುದು ಕೊಯ್ಲಿಗೆ ಸೇರುತ್ತದೆಯೇ ಎಂಬುದೇ ಅಲ್ಲಿಯ ಪ್ರಶ್ನೆ, ಹನ್ನೊಂದು ಚೀಟಿಗಳಲ್ಲಿ ಅದೂ ಒಂದು. ಒಂದೇ ಮನೆಯವರು ನಿಯಮದ ಅರ್ಥದ ಬಗ್ಗೆ ನಡೆಸಿದ ಚರ್ಚೆಯಂತೆ ಹೇಳಿ. ಒಳ್ಳೆಯವರು, ಕೆಟ್ಟವರು ಎಂದು ಪಾತ್ರ ಹಂಚಬೇಡಿ.

ಇಷ್ಟರಲ್ಲಿ ಎರಡು ಪ್ರಶ್ನೆಗಳು ಬಂದೇ ಬರುತ್ತವೆ. 'ಭಾನುವಾರ ನಮಗೂ ರಜೆ, ಏಕೆ?' ಬ್ರಿಟಿಷರ ಕಚೇರಿಗಳಿಗೆ ಭಾನುವಾರ ರಜೆಯಿತ್ತು. ಮುಂಬಯಿಯ ಗಿರಣಿ ಕಾರ್ಮಿಕರಿಗೆ ಅದು ಸುಮ್ಮನೆ ಸಿಗಲಿಲ್ಲ, ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳತ್ವದಲ್ಲಿ ಹೋರಾಡಿ 1890ರಲ್ಲಿ ಪಡೆದರು. ಎರಡನೆಯದು, 'ಮುಸ್ಲಿಮರಿಗೆ ಶುಕ್ರವಾರ ಅಲ್ಲವೇ?' ಶುಕ್ರವಾರ ಮಧ್ಯಾಹ್ನ ಒಟ್ಟಾಗಿ ನಮಾಜು ಮಾಡುವುದು ಮುಖ್ಯ, ನಮಾಜು ಮುಗಿದ ಮೇಲೆ ವ್ಯಾಪಾರ, ಕೆಲಸಕ್ಕೆ ತಡೆಯಿಲ್ಲ. ಎರಡಕ್ಕೂ ಇಷ್ಟು ಸಾಕು.

ಕಲಿತದ್ದು ತಿಳಿಯುವುದು ಹೇಗೆ?

'ಸಬ್ಬತ್ ಯಾವ ದಿನ ಬರುತ್ತದೆ?' ಎಂಬ ಪ್ರಶ್ನೆಯಿಂದ ಏನೂ ತಿಳಿಯುವುದಿಲ್ಲ. ಬದಲಿಗೆ ಎರಿಕ್ ಲಿಡೆಲ್ ಎಂಬ ಓಟಗಾರನ ಕಥೆ ಹೇಳಿ. ಸ್ಕಾಟ್ಲೆಂಡಿನ ಈ ಕ್ರೈಸ್ತ ಯುವಕ 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ತನ್ನ ಮೆಚ್ಚಿನ 100 ಮೀಟರ್ ಓಟದಿಂದ ಹಿಂದೆ ಸರಿದ, ಏಕೆಂದರೆ ಅದರ ಮೊದಲ ಸುತ್ತು ಭಾನುವಾರ ಬಿದ್ದಿತ್ತು. ಕೊನೆಯ ಗಳಿಗೆಯ ತೀರ್ಮಾನವಲ್ಲ ಅದು, ವೇಳಾಪಟ್ಟಿ ತಿಂಗಳುಗಳ ಮೊದಲೇ ಗೊತ್ತಿತ್ತು. ಆ ಸಮಯವನ್ನು ಬಳಸಿಕೊಂಡು 400 ಮೀಟರಿಗೆ ಅಭ್ಯಾಸ ಮಾಡಿ 47.6 ಸೆಕೆಂಡುಗಳಲ್ಲಿ ಓಡಿ ಚಿನ್ನ ಗೆದ್ದ. 100 ಮೀಟರ್ ಗೆದ್ದವನು ಅದೇ ತಂಡದ ಹೆರಾಲ್ಡ್ ಅಬ್ರಹಾಮ್ಸ್, ಯೆಹೂದಿ ಮನೆತನದವನು.

ಆಮೇಲೆ ಮೂರು ಪ್ರಶ್ನೆ ಕೇಳಿ. ಆ ಸುತ್ತು ಶನಿವಾರ ನಡೆದಿದ್ದರೆ ಲಿಡೆಲ್ ಓಡುತ್ತಿದ್ದನೇ? ಸಬ್ಬತ್ ಪಾಲಿಸುವ ಯೆಹೂದಿಯೊಬ್ಬ ಭಾನುವಾರ ಓಡಬಹುದೇ? ಶುಕ್ರವಾರ ರಾತ್ರಿ ಎಂಟಕ್ಕೆ ಓಟವಿದ್ದರೆ, ಪ್ಯಾರಿಸ್‌ನಲ್ಲಿ ಡಿಸೆಂಬರ್ ತಿಂಗಳಾದರೆ ಆ ಯೆಹೂದಿ ಏನು ಹೇಳಬಹುದು? ಮೂರನೆಯದಕ್ಕೆ 'ಆಗಲೇ ಕತ್ತಲಾಗಿರುತ್ತದೆ, ಸಬ್ಬತ್ ಬಂದಿರುತ್ತದೆ' ಎಂದು ಬರೆದ ಮಗುವಿಗೆ ಮೊದಲ ಅವಧಿಯ ಪಾಠ ದಕ್ಕಿದೆ. 'ಶುಕ್ರವಾರ ತಾನೇ, ಓಡಬಹುದು' ಎಂದು ಬರೆದವರು ಹೆಚ್ಚಿದ್ದರೆ ವೃತ್ತದ ಚಿತ್ರವನ್ನು ಇನ್ನೊಮ್ಮೆ ಬರೆಯಿಸಿ. ಮೊದಲ ಎರಡು ಪ್ರಶ್ನೆಗಳಲ್ಲಿ ಎಡವಿದವರಿಗೆ ನಾಲ್ಕನೇ ಅವಧಿಯ ಸ್ತ್ರೀಯರ ಪ್ರಸಂಗವನ್ನಷ್ಟೇ ಮತ್ತೆ ಹೇಳಿದರೆ ಸಾಕಾಗುತ್ತದೆ.